ಸೋಫಾದಲ್ಲಿ ಬರುವ ನಿದ್ದೆ ಹಾಸಿಗೆಯಲ್ಲಿ ಯಾಕೆ ಓಡಿಹೋಗುತ್ತದೆ?

ಸುಮಾ, ತುಮಕೂರು
ಹತ್ತೂವರೆಗೆ ಸೋಫಾದಲ್ಲಿ ಟಿವಿ ನೋಡ್ತಾ ತೂಕಡಿಸುತ್ತೇನೆ. ಎದ್ದು ಹೋಗಿ ಹಾಸಿಗೆಗೆ ಬಿದ್ದರೆ ಕಣ್ಣು ಪೂರ್ತಿ ತೆರೆದುಕೊಳ್ಳುತ್ತದೆ. ಮಗಳ ಫೀಸು, ಅಮ್ಮನ ಕಣ್ಣಿನ ಪೊರೆ ಆಪರೇಷನ್, ಆಫೀಸಿನ ಜಿಎಸ್‌ಟಿ ರಿಟರ್ನ್, ಒಂದಾದ ಮೇಲೆ ಒಂದು ಯೋಚನೆ. ಹನ್ನೆರಡೂವರೆ ತನಕ ಹೀಗೇ ಹೊರಳಾಡುತ್ತೇನೆ. ಎರಡು ತಿಂಗಳಾಯ್ತು. ಮಾತ್ರೆ ಬೇಡ. ತಲೆ ಸುಮ್ಮನಾಗಲು ಏನು ಮಾಡಬೇಕು?

ರಾಘವೇಂದ್ರ
ಮೊದಲು ಸಂಜೆಯ ಕಾಫಿ ಬಿಡಿ. ನಾಲ್ಕು ಗಂಟೆ ಮೇಲೆ ಒಂದು ಲೋಟವೂ ಬೇಡ. ಎರಡನೆಯದು, ಹತ್ತೂವರೆ ತನಕ ಕಾಯಬೇಡಿ, ಒಂಬತ್ತೂವರೆಗೇ ಮಲಗಿ. ಆಗ ಒಂದು ಗಂಟೆ ಹೊರಳಾಡಿದರೂ ಲೆಕ್ಕ ಸರಿಹೋಗುತ್ತದೆ. ಯೋಚನೆ ಬಂದರೆ "ಈಗ ಬೇಡ" ಅಂತ ಗಟ್ಟಿ ಮನಸ್ಸಿನಿಂದ ತಳ್ಳಿ. ಅಭ್ಯಾಸ ಆದರೆ ಬರುತ್ತೆ.

ಪದ್ಮಜಾ
ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ನಿದ್ದೆ ಬಾರದವರ ಜೊತೆಯೇ ನನ್ನ ಹೆಚ್ಚಿನ ಕೆಲಸ. ರಾಘವೇಂದ್ರ ಅವರೇ, ಕಾಫಿಯ ಮಾತು ನೂರಕ್ಕೆ ನೂರು ಸರಿ. ಕುಡಿದ ಕಾಫಿಯಲ್ಲಿರುವ ಕೆಫೀನ್‌ನ ಅರ್ಧ ಭಾಗ ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಆದರೆ ಉಳಿದ ಎರಡು ಸಲಹೆಗಳಿಂದ ಸುಮಾ ಅವರ ತೊಂದರೆ ಹೆಚ್ಚಾಗುತ್ತದೆ.

ಮದ್ದು ಕುಡಿಯುವಾಗ ಕೋತಿಯನ್ನು ನೆನೆಯಬೇಡ ಅಂದರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಇದನ್ನೇ ಬಿಳಿ ಕರಡಿ ಇಟ್ಟುಕೊಂಡು ಪರೀಕ್ಷೆ ಮಾಡಿದರು. ಕರಡಿಯ ಯೋಚನೆ ಬೇಡ ಅಂತ ವಿದ್ಯಾರ್ಥಿಗಳಿಗೆ ಹೇಳಿ, ಬಂದಾಗೆಲ್ಲ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇತ್ತು. ಯೋಚನೆ ಬಂತಾ ಅಂತ ಕಾವಲು ಕಾಯುವ ಮನಸ್ಸು ಎಚ್ಚರವಾಗಿಯೇ ಇರಬೇಕಲ್ವಾ? ಹಾಗಾಗಿ ತಳ್ಳುವುದು ಬೇಡ.

ಬೇಗ ಮಲಗುವುದೂ ಬೇಡ. ಸುಮಾ ಅವರೇ, ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಸೋಫಾ. ಅಲ್ಲಿ ಕಣ್ಣು ಮುಚ್ಚಿಹೋಗುತ್ತದೆ, ಹಾಸಿಗೆಯಲ್ಲಿ ಬಿಟ್ಟುಕೊಳ್ಳುತ್ತದೆ. ಅಂದರೆ ನಿಮಗೆ ನಿದ್ದೆಯ ಕೊರತೆ ಇಲ್ಲ, ಹಾಸಿಗೆಗೆ ಬೇರೆ ಅಭ್ಯಾಸ ಅಂಟಿಕೊಂಡಿದೆ. ಎರಡು ತಿಂಗಳಿಂದ ದಿನಾ ಎರಡು ಗಂಟೆ ಅಲ್ಲೇ ಬಿದ್ದುಕೊಂಡು ಲೆಕ್ಕ ಹಾಕಿದ್ದೀರಿ. ಈಗ ದಿಂಬು ಮುಟ್ಟಿದರೆ ಸಾಕು, ಮೈ ಆಫೀಸಿಗೆ ತಯಾರಾಗುತ್ತದೆ. ಒಂಬತ್ತೂವರೆಗೆ ಹೋದರೆ ಆ ಅಭ್ಯಾಸಕ್ಕೆ ಇನ್ನೂ ಒಂದು ಗಂಟೆ ಸಿಗುತ್ತದೆ, ಅಷ್ಟೇ. ಜೊತೆಗೆ ಸೋಫಾದ ತೂಕಡಿಕೆ ಸಂಜೆ ಊಟಕ್ಕೆ ಮುಂಚೆ ಬೋಂಡಾ ತಿಂದಂತೆ. ಕೂಡಿಟ್ಟ ನಿದ್ದೆಯ ಹಸಿವು ಅಲ್ಲೇ ಸ್ವಲ್ಪ ಮುರಿದುಹೋಗುತ್ತದೆ.

ವೆಂಕಟರಮಣಯ್ಯ
ನನಗೂ ಇದೇ ತೊಂದರೆ. ಬ್ಯಾಂಕಿನಿಂದ ನಿವೃತ್ತಿ ಆಗಿ ನಾಲ್ಕು ವರ್ಷ. ಹತ್ತಕ್ಕೆ ಮಲಗಿದರೆ ಐದು ನಿಮಿಷದಲ್ಲಿ ನಿದ್ದೆ. ಆದರೆ ಮೂರು ಗಂಟೆಗೆ ಎಚ್ಚರ, ಮತ್ತೆ ಹತ್ತಲ್ಲ. ಮಧ್ಯಾಹ್ನ ಊಟ ಆದ ಮೇಲೆ ಎರಡು ಗಂಟೆ ಮಲಗಿ ಸರಿ ಮಾಡಿಕೊಳ್ಳುತ್ತೇನೆ. ಇದಕ್ಕೂ ಬಿಳಿ ಕರಡಿಯ ಕತೆಯೇನಾ?

ಪದ್ಮಜಾ
ಇಲ್ಲ ಸರ್, ನಿಮ್ಮದು ಬೇರೆ. ಮಧ್ಯಾಹ್ನದ ಎರಡು ಗಂಟೆಯನ್ನು ರಾತ್ರಿಯ ಲೆಕ್ಕದಿಂದ ಕಳೆಯಿರಿ, ಮೂರು ಗಂಟೆಯ ಎಚ್ಚರಕ್ಕೆ ಬಹುಪಾಲು ಉತ್ತರ ಸಿಗಬಹುದು. ಎರಡು ವಾರ ಮಧ್ಯಾಹ್ನದ ನಿದ್ದೆಯನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ ನೋಡಿ. ಆಮೇಲೂ ಹಾಗೇ ಇದ್ದು, ಬೆಳಗ್ಗೆ ಎದ್ದಾಗ ಯಾವುದರಲ್ಲೂ ಆಸಕ್ತಿ ಇಲ್ಲ, ಊಟ ಸೇರಲ್ಲ ಅನ್ನಿಸಿದರೆ ಡಾಕ್ಟರ್‌ಗೆ ತೋರಿಸಿ. ಬೆಳಗಿನ ಜಾವದ ಎಚ್ಚರ ಖಿನ್ನತೆಯಲ್ಲೂ ಬರುತ್ತದೆ.

ಸುಮಾ, ತುಮಕೂರು
ಮೇಡಂ, ಹಾಗಾದರೆ ನಾನು ಮಾಡಬೇಕಾದ್ದು?

ಪದ್ಮಜಾ
ಎರಡೇ ಕೆಲಸ. ಒಂದು ಸಂಜೆಗೆ, ಒಂದು ರಾತ್ರಿಗೆ.

ಹಗಲೆಲ್ಲ ಯಾರೋ ಒಬ್ಬರು ನಿಮ್ಮನ್ನು ಕರೆಯುತ್ತಲೇ ಇರುತ್ತಾರೆ. ಬಾಕಿ ಉಳಿದ ಕೆಲಸಗಳಿಗೆ ನೀವು ಒಬ್ಬರೇ ಸಿಗುವುದು ದೀಪ ಆರಿದ ಮೇಲೆ. ಅದಕ್ಕೆ ಅವು ಆಗಲೇ ಬಂದು ಸಾಲಾಗಿ ನಿಲ್ಲುತ್ತವೆ. ಅವಕ್ಕೆ ಮುಂಚೆಯೇ ಒಂದು ಹೊತ್ತು ಕೊಡಿ. ಊಟಕ್ಕೆ ಮೊದಲು, ಏಳೂವರೆಗೆ ಅನ್ನಿ, ಹಾಸಿಗೆಯಿಂದ ದೂರ ಕೂತು ಹದಿನೈದು ನಿಮಿಷ ಬರೆಯಿರಿ. ಮೊಬೈಲಿನಲ್ಲಿ ಅಲ್ಲ, ಕಾಗದದ ಮೇಲೆ.

ಹೇಗೆ ಬರೆಯುತ್ತೀರಿ ಅನ್ನುವುದೇ ಇಲ್ಲಿ ಮುಖ್ಯ. "ಜಿಎಸ್‌ಟಿ" ಅಂತ ಬರೆದರೆ ಪ್ರಯೋಜನ ಇಲ್ಲ, ಅದು ಹೆದರಿಕೆಯ ಹೆಸರು ಮಾತ್ರ. "ನಾಳೆ ಹತ್ತೂವರೆಗೆ ಪರ್ಚೇಸ್ ಬಿಲ್ಲುಗಳನ್ನು ತಾಳೆ ನೋಡುವುದು, ಸಿಗದ ಬಿಲ್ಲಿಗೆ ಸಪ್ಲೈಯರ್‌ಗೆ ಫೋನ್ ಮಾಡುವುದು" ಅಂತ ಬರೆಯಿರಿ. ಪ್ರತಿ ಸಾಲಿನಲ್ಲೂ ಯಾವಾಗ, ಯಾರು, ಮೊದಲ ಕೆಲಸ ಏನು ಅನ್ನುವುದು ಇರಬೇಕು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಕಲಿನ್ ತಂಡ 57 ಯುವಜನರನ್ನು ಲ್ಯಾಬಿನಲ್ಲಿ ಮಲಗಿಸಿ ನೋಡಿತು. 2018ರಲ್ಲಿ ಅದು ಪ್ರಕಟವಾಯಿತು. ಮಲಗುವ ಮುಂಚೆ ಐದು ನಿಮಿಷ ಮುಂದಿನ ಕೆಲಸಗಳ ಪಟ್ಟಿ ಬರೆದವರು, ಮುಗಿದ ಕೆಲಸ ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಪಟ್ಟಿ ವಿವರವಾದಷ್ಟೂ ನಿದ್ದೆ ಬೇಗ ಬಂತು. ಆದರೆ ಅವರೆಲ್ಲ ಆರೋಗ್ಯವಂತ ಯುವಕರು, ಪರೀಕ್ಷೆ ನಡೆದದ್ದು ಒಂದೇ ರಾತ್ರಿ. ಹಾಗಾಗಿ ಒಂಬತ್ತು ನಿಮಿಷವನ್ನು ಹಿಡಿದುಕೊಂಡು ಕೂರಬೇಡಿ.

ಇನ್ನು ರಾತ್ರಿಯ ಕೆಲಸ. ನಿದ್ದೆ ಕಣ್ಣಿಗೆ ಬಂದಾಗ ಮಾತ್ರ ಹಾಸಿಗೆಗೆ ಹೋಗಿ. ಹದಿನೈದಿಪ್ಪತ್ತು ನಿಮಿಷ ಆಯ್ತು, ತಲೆ ಓಡುತ್ತಲೇ ಇದೆ ಅನ್ನಿಸಿದರೆ ಎದ್ದುಬಿಡಿ. ಗಡಿಯಾರ ನೋಡಬೇಡಿ, ಅಂದಾಜು ಸಾಕು. ಬೇರೆ ಕಡೆ ಮಂದ ಬೆಳಕಿನಲ್ಲಿ ಕೂತು ಬೇಜಾರಿನ ಕೆಲಸ ಏನಾದರೂ ಮಾಡಿ. ಕಣ್ಣು ಎಳೆದಾಗ ವಾಪಸ್ ಬನ್ನಿ. ಎಷ್ಟು ಸಲ ಏಳಬೇಕಾದರೂ ಸರಿ. ಬೆಳಗ್ಗೆ ಏಳುವ ಹೊತ್ತು ಮಾತ್ರ ಬದಲಾಗಬಾರದು, ಭಾನುವಾರವೂ. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ತಂದ ಕ್ರಮ ಇದು. ಇವತ್ತಿಗೂ ನಾವು ಬಳಸುತ್ತೇವೆ. ಮೊದಲ ವಾರ ಸುಸ್ತು ಜಾಸ್ತಿಯಾಗುತ್ತದೆ, ಬಹಳ ಜನ ಅಲ್ಲೇ ಕೈಬಿಡುತ್ತಾರೆ. ಗಾಡಿ ಓಡಿಸುವುದಿದ್ದರೆ ಆ ವಾರ ಹುಷಾರಾಗಿರಿ.

ಶಾಹಿನಾ
ಅಕ್ಕ, ನಾನು ನರ್ಸ್. "ಬೇರೆ ಕಡೆ ಕೂತು" ಅಂತ ಬರೆದಿರಿ. ನಮ್ಮದು ಒಂದೇ ರೂಮು, ಒಂದು ಅಡುಗೆಮನೆ. ಗಂಡ, ಇಬ್ಬರು ಮಕ್ಕಳು, ಅತ್ತೆ ಎಲ್ಲರೂ ಸಾಲಾಗಿ ಹಾಸಿಕೊಂಡು ಮಲಗುತ್ತೇವೆ. ಲೈಟ್ ಹಾಕಿದರೆ ಎಲ್ಲರಿಗೂ ಎಚ್ಚರ. ಇಂಥ ಮನೆಯಲ್ಲಿ ಎಲ್ಲಿಗೆ ಎದ್ದು ಹೋಗೋದು?

ಪದ್ಮಜಾ
ಒಳ್ಳೆಯ ಪ್ರಶ್ನೆ ಶಾಹಿನಾ. ಹಾಸಿದ ಜಾಗದಲ್ಲೇ ಎದ್ದು ಕೂತುಕೊಳ್ಳಿ. ಗೋಡೆಗೆ ಒರಗಿ, ಕಾಲು ನೆಲದ ಮೇಲೆ ಇರಲಿ, ದಿಂಬು ಪಕ್ಕಕ್ಕೆ ಸರಿಸಿ. ಮಲಗಿದ ಭಂಗಿ ನಿದ್ದೆಗೆ ಮಾತ್ರ, ಯೋಚನೆಗೆ ಕೂತ ಭಂಗಿ. ಎದ್ದು ಹೋದಷ್ಟು ಗಟ್ಟಿಯಾದ ಉಪಾಯ ಅಲ್ಲ, ಆದರೆ ಕೆಲಸಕ್ಕೆ ಬರುತ್ತದೆ.

ಶಾಹಿನಾ
ನಿದ್ದೆ ಬಾರದಾಗ ನಾನು ಪದಗಳ ಆಟ ಆಡುತ್ತೇನೆ. ಕೆನಡಾದ ಲುಕ್ ಬೋಡ್ವಾನ್ ಅನ್ನೋರು ಹೇಳಿಕೊಟ್ಟದ್ದಂತೆ. ಒಂದು ಪದ ತಗೊಳ್ಳೋದು, "ಕಮಲ" ಅನ್ನಿ. ಕ ಅಂದರೆ ಕಾಗೆ, ಕಾಗೆಯನ್ನು ಕಣ್ಣಮುಂದೆ ತಂದುಕೊಳ್ಳೋದು. ಆಮೇಲೆ ಕೊಡೆ, ಕಂಬಳಿ, ಕುಕ್ಕರ್. ಒಂದಕ್ಕೊಂದು ಸಂಬಂಧ ಇರಬಾರದು. ಸಾಕಾದರೆ ಮ. ಮಜ್ಜಿಗೆ, ಮಂಚ, ಮೇಕೆ. ಲ ತನಕ ನಾನು ಹೋದದ್ದೇ ಕಡಿಮೆ. ಯೋಚನೆಗೆ ಒಂದು ದಾರ ಬೇಕು, ಇಲ್ಲಿ ದಾರವೇ ಸಿಗೋದಿಲ್ಲ.

ರಾಘವೇಂದ್ರ
ನಿನ್ನೆ ರಾತ್ರಿ ಮಾಡಿ ನೋಡಿದೆ. "ಕೋಳಿ" ಅಂತ ತಗೊಂಡೆ. ಳ ಬಂದಾಗ ಸಿಕ್ಕಿಬಿದ್ದೆ. ಳ ಇಂದ ಶುರುವಾಗುವ ಪದ ಯಾವುದು ಅಂತ ಹುಡುಕುತ್ತಾ ಅರ್ಧ ಗಂಟೆ ಎಚ್ಚರ ಇದ್ದೆ!

ಶಾಹಿನಾ
ಅಣ್ಣ, ಳ ಮತ್ತು ಣ ಬರುವ ಪದ ತಗೋಬಾರದು. ಪದ ಹೊಳೆಯದಿದ್ದರೆ ಸುಮ್ನೆ ಮುಂದಿನ ಅಕ್ಷರಕ್ಕೆ ಹೋಗಿ. ಗೆಲ್ಲೋಕೆ ಹೋದರೆ ನಿದ್ದೆ ಹೋಗುತ್ತೆ.

ದೀಪಾ
ಬರೆಯುವ ಉಪಾಯ ನನಗೆ ತಿರುಗುಬಾಣ ಆಯ್ತು. ರಾತ್ರಿ ಡೈರಿ ಬರೆಯುತ್ತಿದ್ದೆ. ಅತ್ತಿಗೆ ಅಂದ ಮಾತು, ನಾನು ಅನ್ನದೆ ಉಳಿದ ಮಾತು, ನಾಲ್ಕು ಪುಟ. ಕೊನೆಗೆ ಅಳು. ಎರಡು ಗಂಟೆ ಆದರೂ ನಿದ್ದೆ ಇಲ್ಲ. ಎಲ್ಲರಿಗೂ ಬರೆಯಿರಿ ಅಂತ ಹೇಳಬೇಡಿ, ದಯವಿಟ್ಟು.

ಪದ್ಮಜಾ
ದೀಪಾ, ನಿಮ್ಮ ಅನುಭವವನ್ನು ಅಲ್ಲಗಳೆಯುವುದಿಲ್ಲ. ನೀವು ಬರೆದದ್ದು ನಡೆದುಹೋದದ್ದನ್ನು, ಅದೂ ಮಲಗುವ ಹೊತ್ತಿಗೆ. ಅದಕ್ಕೂ ಬೆಲೆ ಇದೆ, ಆದರೆ ಹಗಲಿನಲ್ಲಿ. ನಾನು ಹೇಳಿದ್ದು ಮುಂದಿನ ಕೆಲಸದ ಚಿಕ್ಕ ಪಟ್ಟಿ. ಪುಟ ತುಂಬುತ್ತಿದೆ, ಎದೆ ಬಡಿತ ಏರುತ್ತಿದೆ ಅಂದರೆ ಪಟ್ಟಿ ಡೈರಿಯಾಗುತ್ತಿದೆ ಅಂತ ಅರ್ಥ. ಅಲ್ಲಿಗೇ ನಿಲ್ಲಿಸಿ.

ದೀಪಾ
ನನಗೆ ಪಟ್ಟಿಯೂ ಆಗಲಿಕ್ಕಿಲ್ಲ ಅನ್ನಿಸುತ್ತೆ. ಪೆನ್ನು ಹಿಡಿದರೆ ಅತ್ತಿಗೆಯೇ ಬರುತ್ತಾಳೆ. ಪದಗಳ ಆಟ ನೋಡುತ್ತೇನೆ.

ಸುಮಾ, ತುಮಕೂರು
ಹನ್ನೆರಡು ದಿನ ಆಯ್ತು, ಹೇಳಲು ಬಂದೆ. ಏಳೂವರೆಗೆ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ನಿನ್ನೆಯದು: "ಫೀಸು, ಎರಡನೇ ಕಂತು, ಸಂಬಳ ಬಂದ ಮಾರನೇ ದಿನ. ಅಮ್ಮನ ಶುಗರ್ ಟೆಸ್ಟ್ ಶನಿವಾರ, ತಮ್ಮನಿಗೆ ಇವತ್ತೇ ಫೋನ್." ಫೋನ್ ಅಲ್ಲೇ ಮಾಡಿಬಿಟ್ಟೆ. ಸೋಫಾ ಬಿಟ್ಟು ಕುರ್ಚಿಯಲ್ಲಿ ಕೂರುತ್ತೇನೆ, ತೂಕಡಿಕೆ ಕಡಿಮೆ ಆಗಿದೆ. ಮೊದಲ ನಾಲ್ಕು ರಾತ್ರಿ ಮೂರು ಮೂರು ಸಲ ಎದ್ದು ಹಾಲ್‌ನಲ್ಲಿ ಕೂತು ಬಟ್ಟೆ ಮಡಿಸಿದೆ. ನಾಲ್ಕನೇ ದಿನ ಆಫೀಸಿನಲ್ಲಿ ತಲೆ ಎತ್ತಲಾಗಲಿಲ್ಲ, ಬಿಟ್ಟುಬಿಡೋಣ ಅಂದುಕೊಂಡೆ. ಈಗ ಹೆಚ್ಚೆಂದರೆ ಒಂದು ಸಲ ಏಳುತ್ತೇನೆ. ಹನ್ನೊಂದೂವರೆ ಆಸುಪಾಸಿಗೆ ನಿದ್ದೆ.

ಒಂದು ಮಾತ್ರ ಪಟ್ಟಿಗೆ ಸಿಗುವುದಿಲ್ಲ. ಆಪರೇಷನ್ ಆದ ಮೇಲೂ ಅಮ್ಮನಿಗೆ ಸರಿಯಾಗಿ ಕಾಣದಿದ್ದರೆ? ಇದಕ್ಕೆ ಯಾವಾಗ, ಯಾರು, ಮೊದಲ ಕೆಲಸ ಏನು ಅಂತ ಬರೆಯಲಿ?

ಪದ್ಮಜಾ
ಇಂಥದ್ದಕ್ಕೆ ನಾನು "ಸದ್ಯಕ್ಕೆ ನನ್ನ ಕೈಯಲ್ಲಿ ಕೆಲಸ ಇಲ್ಲ, ನಾಳೆ ಏಳೂವರೆಗೆ ಮತ್ತೆ ನೋಡುತ್ತೇನೆ" ಅಂತ ಬರೆಯಲು ಹೇಳುತ್ತೇನೆ. ಕೆಲವರಿಗೆ ಸಾಕಾಗುತ್ತದೆ, ಕೆಲವರಿಗೆ ಇಲ್ಲ. ಡಾಕ್ಟರ್‌ಗೆ ಕೇಳಬೇಕಾದ ಪ್ರಶ್ನೆಯಾಗಿ ಅದನ್ನು ಬದಲಿಸಬಹುದಾ ನೋಡಿ.

ಓದುತ್ತಿರುವ ಬೇರೆಯವರಿಗೆ ಒಂದು ಮಾತು. ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಬಾರದೆ, ಹೀಗೇ ಮೂರು ತಿಂಗಳು ದಾಟಿದರೆ ಒಬ್ಬರೇ ಒದ್ದಾಡಬೇಡಿ. ನಿದ್ದೆಯೇ ಬೇಡ ಅನ್ನಿಸಿ, ಮೈಯಲ್ಲಿ ವಿಪರೀತ ಹುರುಪು ಬಂದು, ಮಾತು ಮತ್ತು ಖರ್ಚು ಎರಡೂ ಹಿಡಿತ ತಪ್ಪಿದರೆ ಕಾಯದೆ ಮನೋವೈದ್ಯರ ಹತ್ತಿರ ಹೋಗಿ, ಅದು ಪಟ್ಟಿಗೆ ಬಗ್ಗುವಂಥದ್ದಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಸುಮಾ, ತುಮಕೂರು
ಡಾಕ್ಟರ್‌ಗೆ ಕೇಳಲು ಮೂರು ಪ್ರಶ್ನೆ ಬರೆದೆ ಮೇಡಂ. ಆದರೂ ನಿನ್ನೆ ರಾತ್ರಿ ಅದೇ ಯೋಚನೆ ಬಂತು. ಎದ್ದು ಹೋಗಿ ಅಮ್ಮನ ಸೀರೆ ಮಡಿಸಿ ಇಟ್ಟು ಬಂದು ಮಲಗಿದೆ. ಮುಂದಿನ ಬುಧವಾರ ಆಪರೇಷನ್.