ಅಪ್‌ಡೇಟ್: ನನ್ನ ಥೈರಾಯ್ಡ್ ರಿಪೋರ್ಟ್ ಕೆಡಿಸಿದ್ದು ಬಯೋಟಿನ್

ನಾನು ಕೇಳಿದ್ದು: "ಕೂದಲು ಉದುರುತ್ತೆ ಅಂತ ದಿನಾ 10 ಮಿಲಿಗ್ರಾಂ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ತಗೋತಿದ್ದೀನಿ. ಈಗ ಥೈರಾಯ್ಡ್ ಟೆಸ್ಟ್‌ನಲ್ಲಿ ನೋಡೋ ಹಾರ್ಮೋನ್‌ಗಳಲ್ಲಿ ಟಿಎಸ್‌ಎಚ್ ತೀರಾ ಕಡಿಮೆ, ಟಿ4 ಜಾಸ್ತಿ ಬಂದಿದೆ. ಥೈರಾಯ್ಡ್ ಕಾಯಿಲೆನಾ?"

ಮಡಿಕೇರಿಯಲ್ಲಿ ಡಾಕ್ಟರಿಗೆ ತೋರಿಸಿದೆ. ನಾಡಿ ನೋಡಿದರು, ಕೈ ಚಾಚಿಸಿದರು; ನಡುಕ ಇಲ್ಲ. "ಬೇರೆ ಏನು ಮಾತ್ರೆ ತಗೋತೀರಮ್ಮ?" ಅಂದರು. ಡಬ್ಬಿ ತೆಗೆದು ತೋರಿಸಿದೆ. ಕೆಲವು ಲ್ಯಾಬ್ ಮೆಷಿನ್‌ಗಳು ಹಾರ್ಮೋನ್ ಹಿಡಿಯೋಕೇ ಬಯೋಟಿನ್ ಬಳಸುತ್ತವಂತೆ. ರಕ್ತದಲ್ಲೂ ಅದೇ ತುಂಬಿದ್ದರೆ ಟಿಎಸ್‌ಎಚ್ ಸುಳ್ಳೇ ಇಳಿಯುತ್ತೆ, ಟಿ4 ಸುಳ್ಳೇ ಏರುತ್ತೆ. ಕನಿಷ್ಠ ಎರಡು ದಿನ ಮಾತ್ರೆ ಬಿಟ್ಟು ರಕ್ತ ಕೊಡಿ ಅಂದರು. ಎರಡೂ ನಾರ್ಮಲ್ ಬಂತು!

ಕೂದಲಿನ ವಿಷಯಕ್ಕೆ ಬಂದರೆ, ಕಡಿಮೆ ಇದ್ದದ್ದು ಫೆರಿಟಿನ್, ಅಂದರೆ ಮೈಯಲ್ಲಿರೋ ಕಬ್ಬಿಣದ ದಾಸ್ತಾನು. ಬಯೋಟಿನ್ ಕೊರತೆ ಅಪರೂಪ, ಕೊರತೆ ಇಲ್ಲದವರಿಗೆ ಮಾತ್ರೆಯಿಂದ ಕೂದಲು ಬೆಳೆಯುತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ. ಈಗ ಕಬ್ಬಿಣದ ಮಾತ್ರೆ ನಡೀತಿದೆ. ಅದರ ಜೊತೆ ಕಾಫಿ ಕುಡಿಯೋ ಹಾಗಿಲ್ಲ, ಕೊಡಗಿನವರಿಗೆ ಇದೇ ದೊಡ್ಡ ಶಿಕ್ಷೆ.