ಟೂನ್ ಶೇಡರ್: ‘ಸ್ಟೆಪ್’ ಅಂದರೆ ಹಂತವೋ ಮೆಟ್ಟಿಲೋ? ‘ಔಟ್‌ಲೈನ್’ಗೆ ಏನನ್ನೋಣ?

ಪ್ರಶ್ನೆ
ನಮಸ್ಕಾರ. 3ಡಿ ಆಟಕ್ಕೆ ಕಾರ್ಟೂನ್ ನೋಟ ಕೊಡುವ ಟೂನ್ ಶೇಡರ್ ಬರೆಯುವ ಕೈಪಿಡಿಯನ್ನು ಕನ್ನಡದಲ್ಲಿ ಮಾಡುತ್ತಿದ್ದೇನೆ. ಬೆಳಕು ನುಣುಪಾಗಿ ಇಳಿಯದೆ ತುಂಡುತುಂಡಾಗಿ ಇಳಿಯುವುದಕ್ಕೆ ‘ಹಂತದ ಬೆಳಕು’ ಅಂದಿದ್ದೇನೆ, ಔಟ್‌ಲೈನ್‌ಗೆ ‘ರೂಪರೇಖೆ’. ‘ಎರಡನೇ ಹಂತದಲ್ಲಿ ರೂಪರೇಖೆ ಬರೆಯಿರಿ’ ಅನ್ನುವ ಸಾಲನ್ನು ಓದಿದವರೊಬ್ಬರು ಆಟದ ಯೋಜನೆ ಬರೆಯಬೇಕು ಅಂದುಕೊಂಡರು! ಬೇರೆ ಪದ ಸೂಚಿಸುವಿರಾ?

ಉತ್ತರ 1
‘ಹಂತ’ ಬೇಡ. ಅದೇ ಮಾಡೆಲನ್ನು ಎರಡನೇ ಸಲ ಬರೆಸುವ ಪಾಸ್‌ಗೂ ನೀವು ಹಂತ ಅನ್ನುತ್ತಿದ್ದೀರಿ, ಗೊಂದಲ ಅಲ್ಲೇ ಹುಟ್ಟಿದ್ದು. ಪಾಸ್‌ಗೆ ‘ಸುತ್ತು’, ಬೆಳಕಿಗೆ ‘ಮೆಟ್ಟಿಲು’ ಇಟ್ಟುಕೊಳ್ಳಿ.

ಆದರೆ ಮೆಟ್ಟಿಲಿಗೂ ಒಂದು ತೊಡಕಿದೆ. ಮೂರು ಮೆಟ್ಟಿಲು ಅಂದರೆ ನೆಲವೂ ಸೇರಿತೋ ಇಲ್ಲವೋ? ಕೋಡ್‌ನಲ್ಲಿ ಜನ ಎಡವುವುದೂ ಇಲ್ಲೇ. ಮೇಲ್ಮೈಗೆ ಬೀಳುವ ಬೆಳಕಿನ ಪ್ರಮಾಣ `d` ಅಂದುಕೊಳ್ಳಿ. ಮೂರು ಛಾಯೆ ಬೇಕೆಂದು `floor(d * 3.0) / 3.0` ಬರೆದರೆ ಸಿಗುವ ಬೆಲೆಗಳು 0, 0.33, 0.67. ಪೂರ್ತಿ 1 ಬರುವುದು ಮೇಲ್ಮೈ ಬೆಳಕಿಗೆ ನೇರ ಎದುರಾದ ಒಂದೇ ಬಿಂದುವಿನಲ್ಲಿ. ಗೋಲವೊಂದರ ಮೇಲೆ ನೋಡಿ: ಮೈಯೆಲ್ಲ ಮಂಕಾಗಿ, ನಡುವೆ ಒಂದು ಬಿಳಿ ಚುಕ್ಕೆ ಮಿನುಗಿ ಮಾಯವಾಗುತ್ತದೆ. ಸರಿಯಾದದ್ದು ಹೀಗೆ:

```glsl
float d = max(dot(normalize(N), L), 0.0);
float t = min(floor(d * 3.0), 2.0) / 2.0;
```

ಈಗ 0, 0.5, 1. ಬೆಳಕಿನ ದಿಕ್ಕಿನಿಂದ ಸುಮಾರು 48 ಮತ್ತು 71 ಡಿಗ್ರಿಯಲ್ಲಿ ಗಡಿಗಳು ಬೀಳುತ್ತವೆ. `t` ಅನ್ನು ನೇರವಾಗಿ ಬಣ್ಣಕ್ಕೆ ಗುಣಿಸಿದರೆ ಕತ್ತಲ ಬದಿ ಕಪ್ಪು ಮಸಿಯಾಗುತ್ತದೆ. ಅದರ ಬದಲು ಎರಡು ಬಣ್ಣಗಳ ನಡುವೆ `mix` ಮಾಡಿ. ಪುಸ್ತಕದಲ್ಲಿ ‘ಮೂರು ಛಾಯೆ, ಎರಡು ಗಡಿ’ ಅಂತಲೇ ಬರೆದುಬಿಡಿ, ಎಣಿಕೆಯ ಜಗಳವೇ ಇರದು.

ಉತ್ತರ 2
ಇದು ನೆರಳಿನ ಅಂಚು ಗರಗಸದ ಹಲ್ಲಿನಂತೆ ಕಾಣುವ ವಿಷಯ ತಾನೇ? ನನ್ನ ಆಟದಲ್ಲೂ ಇತ್ತು. ಶ್ಯಾಡೋ ಮ್ಯಾಪನ್ನು 2048ರಿಂದ 4096ಕ್ಕೆ ಏರಿಸಿದರೆ ಸರಿಹೋಗುತ್ತದೆ. ‘ನೆರಳು’ ಅಂದರೆ ಸಾಕಲ್ಲ, ಮೆಟ್ಟಿಲು ಯಾಕೆ?

ಉತ್ತರ 1
ಅದು ಬೇರೆ ಸರ್. ಮರ ನೆಲದ ಮೇಲೆ ಚೆಲ್ಲುವುದು ನೆರಳು. ಇಲ್ಲಿನದು ವಸ್ತುವಿನದೇ ಮೈ ಬೆಳಕಿಗೆ ಬೆನ್ನು ತಿರುಗಿಸಿದಾಗ ಆಗುವ ಮಬ್ಬು. ಕನ್ನಡದಲ್ಲಿ ಎರಡಕ್ಕೂ ನೆರಳು ಅನ್ನುತ್ತೇವೆ, ಅದಕ್ಕೇ ಈ ಎಡವಟ್ಟು. ಛಾಯೆಯ ಗಡಿಯಲ್ಲೂ ಹಲ್ಲು ಕಾಣುತ್ತದೆ, ನಿಜ. ಆದರೆ ಅದು `floor` ಒಮ್ಮೆಲೇ ಜಿಗಿಯುವುದರಿಂದ. ಮ್ಯಾಪ್ ಎಷ್ಟು ದೊಡ್ಡದು ಮಾಡಿದರೂ ಹೋಗದು. ಪ್ರತಿ ಗಡಿಗೂ `smoothstep` ಹಾಕಿ, ಅಗಲಕ್ಕೆ `fwidth(d)` ಕೊಡಿ. ಆಗ ಹತ್ತಿರದಿಂದಲೂ ದೂರದಿಂದಲೂ ಒಂದೆರಡು ಪಿಕ್ಸೆಲ್‌ನಷ್ಟೇ ಮೆದುವಾಗುತ್ತದೆ.

ಉತ್ತರ 3
ಔಟ್‌ಲೈನ್‌ಗೆ ‘ಅಂಚು’ ಅನ್ನಿ, ಸೀರೆ ಅಂಚಿನ ಹಾಗೆ. ಮಾಡುವುದೂ ಸುಲಭ: ಮಾಡೆಲನ್ನೇ 1.03 ಪಟ್ಟು ಹಿಗ್ಗಿಸಿ, ಎದುರು ಮುಖಗಳನ್ನು ಕಲ್ ಮಾಡಿ, ಕಪ್ಪು ಬಳಿದರೆ ಆಯಿತು.

ಉತ್ತರ 4
ಅರ್ಧ ಒಪ್ಪುತ್ತೇನೆ. ಎದುರು ಮುಖ ತೆಗೆದು ಹಿಂಬದಿಯನ್ನು ಕಪ್ಪಾಗಿ ಬರೆಸುವುದು ಸರಿ. ಹಿಗ್ಗಿಸುವ ರೀತಿ ತಪ್ಪು. ಸ್ಕೇಲ್ ಮಾಡಿದರೆ ಎಲ್ಲವೂ ಪಿವಟ್‌ನಿಂದ ದೂರ ಸರಿಯುತ್ತದೆ. ಪಿವಟ್ ಪಾದದಲ್ಲಿದ್ದರೆ ಪಾದದ ಗೆರೆ ಸಣಕಲು, ತಲೆಯ ಮೇಲೆ ದಪ್ಪ. ಬಿಂದಿಗೆಯ ಕಂಠಕ್ಕೆ ಒಂದು ದಪ್ಪ, ಹೊಟ್ಟೆಗೆ ಇನ್ನೊಂದು. ಪ್ರತಿ ಶೃಂಗವನ್ನೂ ಅದರದೇ ನಾರ್ಮಲ್ ದಿಕ್ಕಿಗೆ, ಅಂದರೆ ಮೇಲ್ಮೈಗೆ ಲಂಬವಾಗಿ ಹೊರಕ್ಕೆ ತಳ್ಳಬೇಕು.

ಹಾಗೆ ತಳ್ಳಿದಾಗ ಪೆಟ್ಟಿಗೆಯ ಮೂಲೆಗಳಲ್ಲಿ ಗೆರೆ ಹರಿದುಹೋಗುತ್ತದೆ. ಕಣ್ಣಿಗೆ 8 ಮೂಲೆ ಕಂಡರೂ ಮೆಶ್‌ನಲ್ಲಿ 24 ಶೃಂಗಗಳಿರುತ್ತವೆ. ಒಂದೊಂದು ಮೂಲೆಯಲ್ಲೂ ಮೂರು, ಮೂರಕ್ಕೂ ಬೇರೆ ಬೇರೆ ನಾರ್ಮಲ್, ಹಾಗಾಗಿ ಮೂರೂ ಮೂರು ದಿಕ್ಕಿಗೆ ಓಡುತ್ತವೆ. ಒಂದೇ ಜಾಗದಲ್ಲಿರುವ ಶೃಂಗಗಳ ನಾರ್ಮಲ್‌ಗಳ ಸರಾಸರಿಯನ್ನು ಮೊದಲೇ ಲೆಕ್ಕ ಹಾಕಿ, `n * 0.5 + 0.5` ಮಾಡಿ ವರ್ಟೆಕ್ಸ್ ಕಲರ್‌ನಲ್ಲಿ ಇಟ್ಟುಕೊಳ್ಳಿ. ಗೆರೆಯ ಸುತ್ತು ಅದನ್ನು ಬಿಚ್ಚಿ ಬಳಸಲಿ. ಬೆಳಕಿಗೆ ಹಳೆಯ ನಾರ್ಮಲ್ಲೇ ಇರಲಿ, ಇಲ್ಲದಿದ್ದರೆ ಪೆಟ್ಟಿಗೆ ದಿಂಬಿನಂತೆ ಕಾಣುತ್ತದೆ.

ಪದದ ಮಾತು: ಸೀರೆ ಅಂಚು ಸೀರೆಯೊಳಗೇ ಇರುತ್ತದೆ, ಇದು ಮಾಡೆಲ್‌ನ ಹೊರಗೆ ನಿಲ್ಲುತ್ತದೆ. ಮೇಲಾಗಿ ಮೆಶ್‌ನ ಎಡ್ಜ್‌ಗೂ ಅಂಚು ಅನ್ನುತ್ತೇವೆ. ‘ಹೊರಗೆರೆ’ ಒಳ್ಳೆಯದು.

ಪ್ರಶ್ನೆ ಕೇಳಿದವರು
ಮೆಟ್ಟಿಲು, ಸುತ್ತು, ಹೊರಗೆರೆ ಮೂರನ್ನೂ ಹಾಕಿಕೊಂಡೆ, ಥ್ಯಾಂಕ್ಸ್. ಆದರೆ ಪೆಟ್ಟಿಗೆಯ ಮುಚ್ಚಳದ ಸಂದಿನಲ್ಲೂ, ಎರಡು ಮುಖ ಕೂಡುವ ಏಣಿನಲ್ಲೂ ಗೆರೆ ಬೇಕಲ್ಲ?

ಉತ್ತರ 4
ತಳ್ಳಿದ ಚಿಪ್ಪಿನಿಂದ ಅದು ಬರದು. ಪಕ್ಕದ ಪಿಕ್ಸೆಲ್‌ಗಳ ಡೆಪ್ತ್ ಮತ್ತು ನಾರ್ಮಲ್ ಹೋಲಿಸಿ, ವ್ಯತ್ಯಾಸ ಮಿತಿ ಮೀರಿದಲ್ಲಿ ಗೆರೆ ಹಾಕಬೇಕು. ಡೆಪ್ತ್ ಒಂದನ್ನೇ ನಂಬಿದರೆ ಓರೆಯಾಗಿ ಕಾಣುವ ನೆಲವೆಲ್ಲ ಕಪ್ಪಾಗುತ್ತದೆ. ಇನ್ನು ಒಳಗೇ ಬೀಳುವ ಗೆರೆಗೆ ಹೊರಗೆರೆ ಅನ್ನಲಾಗದು, ಒಪ್ಪಿದೆ.

ಉತ್ತರ 3
ಅದಕ್ಕೇ ‘ಅಂಚುಗೆರೆ’ ಅಂದಿದ್ದರೆ ಎರಡಕ್ಕೂ ಸಲ್ಲುತ್ತಿತ್ತು.

ಉತ್ತರ 1
ಒಳಗಿನದಕ್ಕೆ ‘ಏಣುಗೆರೆ’ ಆಗದೇ? ಮುಚ್ಚಳದ ಸಂದಿಗೆ ಮಾತ್ರ ಹೊಂದುವುದಿಲ್ಲ, ಅಲ್ಲಿ ಏಣೇ ಇಲ್ಲ.