20 ಮಿ.ಮೀ. ಜೋನ್ ರೆಸಿಸ್ಟೆಂಟ್, 18 ಮಿ.ಮೀ. ಸೆನ್ಸಿಟಿವ್: ಹೇಗೆ?

ಪವಿತ್ರಾ, ಡಿಎಂಎಲ್‌ಟಿ ವಿದ್ಯಾರ್ಥಿನಿ
ಆಸ್ಪತ್ರೆ ಲ್ಯಾಬ್‌ನಲ್ಲಿ ಟ್ರೈನಿಂಗ್‌ನಲ್ಲಿದ್ದೇನೆ. ಮೂತ್ರದ ಕಲ್ಚರ್‌ನಲ್ಲಿ ಇ. ಕೋಲಿ ಬಂತು. ಸಿಪ್ರೊಫ್ಲಾಕ್ಸಸಿನ್ ಡಿಸ್ಕ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗ, ಅಂದರೆ ಜೋನ್, 20 ಮಿ.ಮೀ., ನೈಟ್ರೊಫ್ಯುರಾಂಟೋಯಿನ್ ಸುತ್ತ 18. ಆದರೆ ಸಿಪ್ರೊ ರೆಸಿಸ್ಟೆಂಟ್, ನೈಟ್ರೊ ಸೆನ್ಸಿಟಿವ್ ಅಂತ ಬರೆಸಿದರು. ದೊಡ್ಡ ಜೋನ್ ಇದ್ದರೆ ಒಳ್ಳೆಯ ಔಷಧಿ ಅಲ್ವಾ?

ನಾಗರಾಜ್, ಫಾರ್ಮಸಿಸ್ಟ್
ಡಿಸ್ಕ್‌ಗಳಲ್ಲಿ ಔಷಧಿಯ ಪ್ರಮಾಣ ಒಂದೇ ಇರುವುದಿಲ್ಲ. ಸಿಪ್ರೊ ಡಿಸ್ಕ್‌ನಲ್ಲಿ 5 ಮೈಕ್ರೋಗ್ರಾಂ, ನೈಟ್ರೊದಲ್ಲಿ 300. ಹಾಗಾಗಿ ಮಿ.ಮೀ. ಅನ್ನು ಮೈಕ್ರೋಗ್ರಾಂನಿಂದ ಭಾಗಿಸಿ ಹೋಲಿಸಬೇಕು.

ಡಾ. ವಸುಧಾ, ಮೈಕ್ರೋಬಯಾಲಜಿಸ್ಟ್
ನಾಗರಾಜ್ ಅವರೇ, ಪ್ರಮಾಣ ಬೇರೆ ಅನ್ನುವುದು ಸರಿ. ಭಾಗಿಸುವುದು ಸರಿಯಲ್ಲ. ಹಾಗೆ ಭಾಗಿಸಿದರೆ ಇಲ್ಲಿ ಸಿಪ್ರೊನೇ ಎಷ್ಟೋ ಪಟ್ಟು ಮೇಲು ಅನ್ನಬೇಕಾಗುತ್ತದೆ! ಡಿಸ್ಕ್‌ನಲ್ಲಿ ಔಷಧಿ ಎರಡು ಪಟ್ಟಾದರೆ ಜೋನ್ ಎರಡು ಪಟ್ಟಾಗುವುದಿಲ್ಲ, ಕೆಲವು ಮಿ.ಮೀ. ಮಾತ್ರ ಹಿಗ್ಗುತ್ತದೆ.

ಪವಿತ್ರಾ, ಪ್ಲೇಟ್ ಮೇಲೆ ಏನಾಗುತ್ತದೆ ನೋಡಿ. ಡಿಸ್ಕ್ ಇಟ್ಟ ಕೂಡಲೇ ಔಷಧಿ ಅಗಾರ್‌ನೊಳಗೆ ಹರಡಲು ಶುರುವಾಗುತ್ತದೆ. ಅದೇ ಹೊತ್ತಿಗೆ ಬ್ಯಾಕ್ಟೀರಿಯಾ ಬೆಳೆಯಲು ಶುರುಮಾಡುತ್ತದೆ. ಇದೊಂದು ಓಟದ ಪಂದ್ಯ. ಯಾವ ಜಾಗದಲ್ಲಿ ಬ್ಯಾಕ್ಟೀರಿಯಾ ದಟ್ಟವಾಗುವ ಮೊದಲು ಸಾಕಷ್ಟು ಔಷಧಿ ತಲುಪುವುದಿಲ್ಲವೋ, ಅಲ್ಲಿ ಜೋನ್‌ನ ಅಂಚು ಬೀಳುತ್ತದೆ. ಮೊದಲ ಕೆಲವು ಗಂಟೆಗಳಲ್ಲೇ ಇದು ತೀರ್ಮಾನವಾಗಿಬಿಡುತ್ತದೆ. ನಾವು 16ರಿಂದ 18 ಗಂಟೆ ಕಾಯುವುದು ಆ ಅಂಚು ಕಣ್ಣಿಗೆ ಸ್ಪಷ್ಟವಾಗಿ ಕಾಣಲಿ ಅಂತ.

ಅಂದರೆ ಜೋನ್‌ನಲ್ಲಿ ಔಷಧಿಯ ಬಲವೊಂದೇ ಇಲ್ಲ. ಅದು ಎಷ್ಟು ಬೇಗ ಹರಡುತ್ತದೆ, ಡಿಸ್ಕ್‌ನಲ್ಲಿ ಎಷ್ಟಿದೆ, ಎರಡೂ ಸೇರಿವೆ. ಕೊಲಿಸ್ಟಿನ್ ಅಣು ದೊಡ್ಡದು, ಅಗಾರ್‌ನಲ್ಲಿ ಸರಿಯಾಗಿ ಹರಡುವುದೇ ಇಲ್ಲ. ಅದಕ್ಕೇ ಕೊಲಿಸ್ಟಿನ್‌ಗೆ ಡಿಸ್ಕ್ ಇಟ್ಟು ಜೋನ್ ಅಳೆದು ವರದಿ ಕೊಡಬಾರದು.

ಹಾಗಾಗಿ ಒಂದು ಔಷಧಿಯ ಜೋನನ್ನು ಇನ್ನೊಂದರ ಜೋನ್ ಜೊತೆ ಹೋಲಿಸಬೇಡಿ. ಪ್ರತಿಯೊಂದನ್ನೂ ಅದರದೇ ಬ್ರೇಕ್‌ಪಾಯಿಂಟ್, ಅಂದರೆ ಗಡಿ ಅಂಕಿಯ ಜೊತೆ ಹೋಲಿಸಿ. ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆಯ ಪಟ್ಟಿಯಲ್ಲಿ ಇ. ಕೋಲಿಗೆ ಸಿಪ್ರೊ 26 ಅಥವಾ ಹೆಚ್ಚಿದ್ದರೆ ಸೆನ್ಸಿಟಿವ್, 21 ಅಥವಾ ಕಡಿಮೆ ಇದ್ದರೆ ರೆಸಿಸ್ಟೆಂಟ್. ನೈಟ್ರೊ 17 ಅಥವಾ ಹೆಚ್ಚಿದ್ದರೆ ಸೆನ್ಸಿಟಿವ್, 14 ಅಥವಾ ಕಡಿಮೆ ಇದ್ದರೆ ರೆಸಿಸ್ಟೆಂಟ್. ನಿಮ್ಮ 20 ಮತ್ತು 18 ಅನ್ನು ಇಲ್ಲಿಟ್ಟು ನೋಡಿ, ಉತ್ತರ ಸಿಗುತ್ತದೆ.

ಈ ಅಂಕಿಗಳನ್ನು ಸುಮ್ನೆ ಗೊತ್ತುಮಾಡಿಲ್ಲ. ನೂರಾರು ತಳಿಗಳಲ್ಲಿ ಜೋನನ್ನೂ ಅಳೆಯುತ್ತಾರೆ, ಬೆಳವಣಿಗೆ ನಿಲ್ಲಿಸಲು ಕನಿಷ್ಠ ಎಷ್ಟು ಔಷಧಿ ಬೇಕು ಅನ್ನುವುದನ್ನೂ ಬೇರೆಯಾಗಿ ನೋಡುತ್ತಾರೆ. ಎರಡನ್ನೂ ತಾಳೆ ಹಾಕುತ್ತಾರೆ. ಆ ಔಷಧಿ ದೇಹದಲ್ಲಿ ಎಷ್ಟು ಮಟ್ಟಕ್ಕೆ ಏರುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನೈಟ್ರೊ ಮೂತ್ರದಲ್ಲಿ ಸಾಂದ್ರವಾಗುತ್ತದೆ, ರಕ್ತದಲ್ಲಿ ಆ ಮಟ್ಟ ಬರುವುದಿಲ್ಲ. ಆದ್ದರಿಂದ ಆ ‘ಸೆನ್ಸಿಟಿವ್’ ಮೂತ್ರಕೋಶದ ಸೋಂಕಿಗೆ ಮಾತ್ರ. ಕಿಡ್ನಿಗೆ ಏರಿದ ಸೋಂಕಿಗೆ ಅದನ್ನು ನಂಬಬಾರದು.

ಇನ್ನೊಂದು ಮಾತು. ಯುರೋಪಿನ ಯುಕಾಸ್ಟ್ ಪದ್ಧತಿಯಲ್ಲಿ ನೈಟ್ರೊ ಡಿಸ್ಕ್ 100 ಮೈಕ್ರೋಗ್ರಾಂ, ಇ. ಕೋಲಿಗೆ 11 ಮಿ.ಮೀ. ಇದ್ದರೆ ಸಾಕು. ಡಿಸ್ಕ್ ಒಂದು ಪದ್ಧತಿಯದು, ಪಟ್ಟಿ ಇನ್ನೊಂದರದು ಆಗಬಾರದು.

ಮಂಜುನಾಥ್, ಲ್ಯಾಬ್ ಟೆಕ್ನಿಷಿಯನ್
ಮೇಡಂ, ನಮ್ಮಲ್ಲಿ ಈಚೆಗೆ ಎಲ್ಲ ಜೋನ್‌ಗಳೂ ದೊಡ್ಡದಾಗಿ ಬರುತ್ತಿವೆ. ಗುಣಮಟ್ಟ ಪರೀಕ್ಷೆಗೆ ಬಳಸುವ ಇ. ಕೋಲಿ ತಳಿ ಎಟಿಸಿಸಿ 25922 ಹಾಕಿದರೆ ನೈಟ್ರೊ 28 ಬಂತು, ಜೆಂಟಾಮೈಸಿನ್ 29. ಡಿಸ್ಕ್ ಹೊಸ ಲಾಟ್. ಡಿಸ್ಕೇ ಸ್ಟ್ರಾಂಗ್ ಇರಬಹುದಾ?

ಡಾ. ವಸುಧಾ
ಎಟಿಸಿಸಿ ತಳಿಗೆ ನೈಟ್ರೊ 20ರಿಂದ 25 ಬರಬೇಕು, ಜೆಂಟಾ 19ರಿಂದ 26. ಎರಡೂ ಒಂದೇ ದಿಕ್ಕಿಗೆ ಜಾರಿವೆ. ಒಂದೇ ಔಷಧಿ ಕೆಟ್ಟರೆ ಡಿಸ್ಕ್ ಮೇಲೆ ಸಂಶಯ ಪಡಿ. ಎಲ್ಲವೂ ಒಟ್ಟಿಗೆ ಕೆಟ್ಟರೆ ಅಗಾರ್ ಮತ್ತು ಬ್ಯಾಕ್ಟೀರಿಯಾ ಕಲಸಿದ ಸಸ್ಪೆನ್ಷನ್ ನೋಡಿ. ಒಂದು ಪ್ಲೇಟ್‌ಗೆ ಎಷ್ಟು ಮೀಡಿಯಾ ಸುರಿಯುತ್ತೀರಿ?

ಮಂಜುನಾಥ್
90 ಮಿ.ಮೀ. ಪ್ಲೇಟ್‌ಗೆ 15 ಎಂಎಲ್. ಬೇರೆ ಮೀಡಿಯಾಗಳಿಗೂ ಅಷ್ಟೇ ಹಾಕುವುದು.

ಡಾ. ವಸುಧಾ
ಮೊದಲು ಅದನ್ನು ಸರಿಮಾಡಿ. 15 ಎಂಎಲ್‌ಗೆ ಅಗಾರ್ ಎರಡೂವರೆ ಮಿ.ಮೀ. ದಪ್ಪವೂ ಬರುವುದಿಲ್ಲ. ಮುಲ್ಲರ್ ಹಿಂಟನ್ ಅಗಾರ್ 4 ಮಿ.ಮೀ. ಇರಬೇಕು, ಅದಕ್ಕೆ 25 ಎಂಎಲ್ ಬೇಕು. ಅಗಾರ್ ತೆಳುವಾದರೆ ಔಷಧಿ ಕೆಳಕ್ಕೆ ಇಳಿಯುವ ಬದಲು ಅಡ್ಡಡ್ಡ ಹರಡುತ್ತದೆ, ಜೋನ್ ಹಿಗ್ಗುತ್ತದೆ. ರೆಸಿಸ್ಟೆಂಟ್ ಆಗಿರುವುದು ಸೆನ್ಸಿಟಿವ್ ಅಂತ ಕಾಣುತ್ತದೆ. ರೋಗಿಗೆ ಅಪಾಯ ಇರುವುದು ಇಲ್ಲೇ.

ಆಮೇಲೆ ಸಸ್ಪೆನ್ಷನ್ ಎಷ್ಟು ಮಬ್ಬಾಗಿದೆ ಅನ್ನುವ ಅಳತೆ ಮ್ಯಾಕ್‌ಫಾರ್ಲೆಂಡ್ 0.5ಕ್ಕೆ ಸರಿಹೊಂದುತ್ತದಾ ನೋಡಿ. ತೆಳುವಾದರೆ ಬ್ಯಾಕ್ಟೀರಿಯಾ ದಟ್ಟವಾಗಲು ತಡವಾಗಿ ಜೋನ್ ದೊಡ್ಡದಾಗುತ್ತದೆ. ಗಟ್ಟಿಯಾದರೆ ಚಿಕ್ಕದಾಗುತ್ತದೆ. ಕಲಸಿದ 15 ನಿಮಿಷದೊಳಗೆ ಸ್ವಾಬ್ ಮಾಡಿ, ಮತ್ತೆ 15 ನಿಮಿಷದೊಳಗೆ ಡಿಸ್ಕ್ ಇಡಿ. ಬೆಳೆದ ಮೇಲೆ ಹಾಸು ಒಂದೇ ಸಮ ಇರಬೇಕು. ಬಿಡಿಬಿಡಿ ಕಾಲೊನಿ ಕಂಡರೆ ಸಸ್ಪೆನ್ಷನ್ ತೆಳುವಾಗಿತ್ತು ಅಂತಲೇ ಅರ್ಥ. ಆ ಪ್ಲೇಟ್ ಓದಬೇಡಿ, ಮತ್ತೆ ಹಾಕಿ. ಎಟಿಸಿಸಿ ಸರಿಯಾಗುವ ತನಕ ರೋಗಿಗಳ ವರದಿಯನ್ನೂ ಕಳಿಸಬೇಡಿ.

ಶೈಲಜಾ, ಹೈಸ್ಕೂಲ್ ಶಿಕ್ಷಕಿ
ನಮ್ಮ ಮಕ್ಕಳು ಬೆಳ್ಳುಳ್ಳಿ ರಸದಲ್ಲಿ ಕಾಗದದ ಡಿಸ್ಕ್ ಅದ್ದಿ ಇಟ್ಟಾಗ 17 ಮಿ.ಮೀ. ಬಂತು. ನಿಮ್ಮ ಲೆಕ್ಕದಲ್ಲಿ ಇದೂ ಸೆನ್ಸಿಟಿವ್ ತಾನೆ?

ಡಾ. ವಸುಧಾ
ಇಲ್ಲ ಮೇಡಂ. 17 ಅನ್ನುವುದು 300 ಮೈಕ್ರೋಗ್ರಾಂ ನೈಟ್ರೊ ಡಿಸ್ಕ್‌ಗೆ ಇರುವ ಗೆರೆ. ಬೆಳ್ಳುಳ್ಳಿ ರಸಕ್ಕೆ ಅಂಥ ಗೆರೆಯೇ ಇಲ್ಲ. ಆ ಪ್ಲೇಟ್‌ನಲ್ಲಿ ಬೆಳವಣಿಗೆ ತಡೆಯಿತು ಅಂತ ಮಾತ್ರ ಮಕ್ಕಳು ಬರೆಯಲಿ. ಆ ಪ್ಲೇಟನ್ನು ಮಕ್ಕಳು ತೆರೆಯದ ಹಾಗೆ ನೋಡಿಕೊಳ್ಳಿ.

ಪವಿತ್ರಾ
ಮೇಡಂ, ಅಳೆಯುವಾಗ ನನಗೆ 20, ನಮ್ಮ ಸೀನಿಯರ್‌ಗೆ 22 ಬಂತು. 22 ಆದರೆ ಎರಡರ ನಡುವಿನ ಇಂಟರ್‌ಮೀಡಿಯೆಟ್ ಆಗುತ್ತದಲ್ಲ?

ಡಾ. ವಸುಧಾ
ಆಗುತ್ತದೆ. ಅದಕ್ಕೇ ಇಬ್ಬರೂ ಒಂದೇ ರೀತಿ ಅಳೆಯಬೇಕು. ಮುಚ್ಚಳ ತೆಗೆಯದೆ ಪ್ಲೇಟನ್ನು ಮಗುಚಿ, ಕಪ್ಪು ಹಿನ್ನೆಲೆಯ ಮೇಲೆ ಹಿಡಿದು, ಹಿಂಬದಿಯಿಂದ ಅಳೆಯಿರಿ. ಡಿಸ್ಕ್‌ನ 6 ಮಿ.ಮೀ. ಸೇರಿಸಿ ಪೂರ್ತಿ ವ್ಯಾಸ. ಜೋನೇ ಇಲ್ಲದಿದ್ದರೆ 6 ಅಂತ ಬರೆಯಿರಿ, ಸೊನ್ನೆ ಅಲ್ಲ. ಬರಿಗಣ್ಣಿಗೆ ಬೆಳವಣಿಗೆ ನಿಂತಂತೆ ಕಾಣುವಲ್ಲಿ ಅಂಚು. ಲೆನ್ಸ್ ಹಿಡಿದರೆ ಮಾತ್ರ ಕಾಣುವ ಮಸುಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಆದರೆ ಜೋನ್ ಒಳಗೆ ಬಿಡಿ ಕಾಲೊನಿಗಳಿದ್ದರೆ ಬಿಟ್ಟುಬಿಡಬೇಡಿ. ಬೇರೆ ಬ್ಯಾಕ್ಟೀರಿಯಾ ಬೆರೆತಿರಬಹುದು, ಅಥವಾ ಅದೇ ತಳಿಯಲ್ಲಿ ರೆಸಿಸ್ಟೆಂಟ್ ಆದವು ಇರಬಹುದು. ಶುದ್ಧ ಕಲ್ಚರ್ ಮಾಡಿ ಮತ್ತೆ ಪರೀಕ್ಷಿಸಿ. ನಿಮ್ಮ ಸೀನಿಯರ್ 22 ಓದಿದ್ದು ಎಲ್ಲಿಂದ ಅಂತ ಪ್ಲೇಟ್ ಹಿಡಿದು ಕೇಳಿ.

ಡಾ. ರಮೇಶ್, ಫಿಸಿಷಿಯನ್
ನನ್ನ ಕೋರಿಕೆ ಒಂದಿದೆ. ವರದಿಯಲ್ಲಿ ಮಿ.ಮೀ. ಕೂಡ ಬರೆಯಿರಿ. 21 ಮತ್ತು 6 ಎರಡಕ್ಕೂ ರೆಸಿಸ್ಟೆಂಟ್ ಅಂತ ಬರೆದರೆ ಗಡಿಯಲ್ಲಿದೆಯೋ ಇಲ್ಲವೋ ನಮಗೆ ತಿಳಿಯುವುದಿಲ್ಲ.

ಡಾ. ವಸುಧಾ
ನಾನು ಬರೆಯುವುದಿಲ್ಲ ಸರ್. ಅಂಕಿ ಕೊಟ್ಟರೆ ಪವಿತ್ರಾ ಕೇಳಿದ ಹಾಗೇ ಎಷ್ಟೋ ಜನ ದೊಡ್ಡ ಅಂಕಿಯ ಔಷಧಿಯನ್ನೇ ಆರಿಸುತ್ತಾರೆ. ಗಡಿಯಲ್ಲಿದ್ದರೆ ಫೋನ್ ಮಾಡಿ ಹೇಳುತ್ತೇನೆ.

ಡಾ. ರಮೇಶ್
ರಾತ್ರಿ ಡ್ಯೂಟಿಯಲ್ಲಿ ಫೋನ್ ಎತ್ತುವವರು ಯಾರು ಮೇಡಂ? ನಾನು ಒಪ್ಪುವುದಿಲ್ಲ.